ಅಪ್ಪನ ಷೇರು, ತಮ್ಮನ ಲೆಕ್ಕ: ಒಂದು ಡಿವಿಡೆಂಡ್ ಪ್ರಕರಣ

ಇದು ಒಬ್ಬ ಅಕ್ಕ ಮತ್ತು ತಮ್ಮನ ಪ್ರಕರಣ. ಲೆಕ್ಕಪತ್ರ ನೋಡುವ ನನ್ನ ಕೆಲಸದಲ್ಲಿ ಇಬ್ಬರೂ ಎರಡು ವರ್ಷ ನನ್ನ ಹತ್ತಿರ ಬಂದು ಹೋಗುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಅಂಕಿಗಳನ್ನೂ ಬದಲಾಯಿಸಿ ದುಂಡಗೆ ಮಾಡಿದ್ದೇನೆ. ಲೆಕ್ಕ ಯಾವ ದೇಶದ ಹಣದಲ್ಲಿ ಮಾಡಿದರೂ ಒಂದೇ ಆದ್ದರಿಂದ ಬರೀ ಸಂಖ್ಯೆ ಕೊಟ್ಟಿದ್ದೇನೆ.

ಹಿನ್ನೆಲೆ

ಇವರ ತಂದೆ ಗಾಜಿನ ಬಾಟಲಿ ಮಾಡುವ ಒಂದು ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವರು. ಕೆಲಸದಲ್ಲಿದ್ದಾಗ ಸ್ವಲ್ಪ ಸ್ವಲ್ಪವಾಗಿ ಅದೇ ಕಂಪನಿಯ ಷೇರು ಕೊಂಡಿದ್ದರು. ತೀರಿಕೊಂಡಾಗ ಅವರ ಹೆಸರಲ್ಲಿ 2,000 ಷೇರು ಇದ್ದವು. ಮಕ್ಕಳು ಸಾವಿರ ಸಾವಿರ ಹಂಚಿಕೊಂಡರು. ಕಂಪನಿಯ ಒಟ್ಟು ಷೇರು 1 ಕೋಟಿ. ಅಂದರೆ ಒಬ್ಬೊಬ್ಬರ ಪಾಲು ಹತ್ತು ಸಾವಿರದಲ್ಲಿ ಒಂದು ಭಾಗ.

ಷೇರು ತಮ್ಮ ಹೆಸರಿಗೆ ಬಂದ ಮೇಲೆ ಇಬ್ಬರೂ ಅದನ್ನು ಬೇರೆ ಬೇರೆ ಥರ ನೋಡಿದರು. ಅಕ್ಕನಿಗೆ ಅದು ಅಪ್ಪನ ನೆನಪು, ವರ್ಷಕ್ಕೊಮ್ಮೆ ಕಂಪನಿಯ ಲಾಭದ ಪಾಲು, ಅಂದರೆ ಒಂದಿಷ್ಟು ಡಿವಿಡೆಂಡ್ ತರುವ ಕಾಗದ. ತಮ್ಮ ಹಾಗೆ ಸುಮ್ಮನಿರುವವನಲ್ಲ. ವಾರ್ಷಿಕ ವರದಿ ತರಿಸಿಕೊಂಡು ಓದಿದ. ಕಂಪನಿಗೆ ಎರಡು ಕಡೆ ಖಾಲಿ ಜಾಗ ಇರುವುದು ಅವನ ಕಣ್ಣಿಗೆ ಬಿತ್ತು. ಆ ಜಾಗಕ್ಕೆಲ್ಲ ಸೇರಿ ಇವತ್ತಿನ ಬೆಲೆ 140 ಕೋಟಿ ಅಂತ ತಾನೇ ಅಂದಾಜು ಮಾಡಿದ. ಹತ್ತು ಸಾವಿರದಿಂದ ಭಾಗಿಸಿದರೆ ತನ್ನ ಪಾಲು 1,40,000. "ಇದು ನನ್ನದು. ಅದನ್ನು ಮಾರಿ ನನ್ನ ಭಾಗ ಕೊಡಿ" ಅಂತ ಕಂಪನಿಗೆ ಕಾಗದ ಬರೆದ.

ಮೂರು ವಾರಕ್ಕೆ ಕಂಪನಿ ಸೆಕ್ರೆಟರಿಯಿಂದ ಉತ್ತರ ಬಂತು. ನಾಲ್ಕೇ ಸಾಲು. ಜಾಗ ಕಂಪನಿಯ ಆಸ್ತಿ, ಷೇರುದಾರರಿಗೆ ಅದರ ಮೇಲೆ ನೇರ ಹಕ್ಕಿಲ್ಲ, ಸಲಹೆಗೆ ಧನ್ಯವಾದ ಅಂತ. ಆ ಕಾಗದ ಹಿಡಿದುಕೊಂಡೇ ಅವನು ಮೊದಲ ಸಲ ನನ್ನ ಹತ್ತಿರ ಬಂದಿದ್ದು. ಅಕ್ಕನೂ ಜೊತೆಗಿದ್ದಳು.

"ಸರ್, ನಾನು ಮಾಲೀಕ ಹೌದೋ ಅಲ್ವೋ? ಹೌದಾದರೆ ಜಾಗ ನನ್ನದು ಯಾಕಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಏನಂದರೆ, ಅವನು ಷೇರಿನ ಮಾಲೀಕ. ಜಾಗದ ಮಾಲೀಕ ಕಂಪನಿ. ಕಾನೂನಿನ ಕಣ್ಣಲ್ಲಿ ಕಂಪನಿ ಅನ್ನುವುದು ಬೇರೆಯೇ ಒಬ್ಬ ವ್ಯಕ್ತಿ. ಅದರ ಹೆಸರಲ್ಲಿ ಆಸ್ತಿ ಇರುತ್ತದೆ, ಸಾಲ ಇರುತ್ತದೆ, ಅದು ದಾವೆ ಹೂಡಬಹುದು, ಅದರ ಮೇಲೆ ದಾವೆ ಹೂಡಬಹುದು.

ಈ ಗೆರೆ ಎಷ್ಟು ಗಟ್ಟಿ ಅಂತ ತೋರಿಸಲು ಅವನಿಗೆ ಒಂದು ಹಳೆಯ ಮೊಕದ್ದಮೆ ಹೇಳಿದೆ. ಉತ್ತರ ಐರ್ಲೆಂಡ್‌ನಲ್ಲಿ ಮಕೌರಾ ಎಂಬ ಎಸ್ಟೇಟ್ ಮಾಲೀಕ ತನ್ನ ಮರದ ದಿಮ್ಮಿಗಳನ್ನು ಒಂದು ಕಂಪನಿಗೆ ಮಾರಿದ. ಆ ಕಂಪನಿಯ ಷೇರುಗಳೆಲ್ಲ ಅವನ ಕೈಯಲ್ಲೇ ಇದ್ದವು. ದಿಮ್ಮಿಗೆ ವಿಮೆಯನ್ನು ಮಾತ್ರ ಕಂಪನಿ ಹೆಸರಲ್ಲಿ ಮಾಡಿಸದೆ ತನ್ನ ಹೆಸರಲ್ಲಿ ಮಾಡಿಸಿದ. ಬೆಂಕಿ ಬಿದ್ದು ದಿಮ್ಮಿ ಸುಟ್ಟುಹೋಯಿತು. ವಿಮಾ ಕಂಪನಿ ಹಣ ಕೊಡಲ್ಲ ಅಂದಿತು. 1925ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ವಿಮಾ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು. ದಿಮ್ಮಿ ಕಂಪನಿಯದು, ಷೇರುದಾರನದಲ್ಲ. ಎಲ್ಲ ಷೇರು ಇದ್ದವನಿಗೇ ಒಂದು ದಿಮ್ಮಿಯ ಮೇಲೂ ಹಕ್ಕು ಸಿಗಲಿಲ್ಲ ಅಂದಮೇಲೆ, ಹತ್ತು ಸಾವಿರದಲ್ಲಿ ಒಂದು ಭಾಗ ಇದ್ದವನ ಮಾತೇನು?

ಅಕ್ಕ ಕೇಳಿದಳು, "ಹಾಗಾದರೆ ನಮ್ಮ ಹತ್ತಿರ ಇರೋದು ಏನು?"

ಮೂರು ಸಂಗತಿ ಇದೆ ಅಂದೆ. ಒಂದು, ವೋಟು. ಕಂಪನಿ ನಡೆಸುವ ಬೋರ್ಡನ್ನು ಆರಿಸುವಾಗ ಒಂದು ಷೇರಿಗೆ ಒಂದು ವೋಟು. ಎರಡು, ಬೋರ್ಡು ಲಾಭ ಹಂಚಲು ತೀರ್ಮಾನಿಸಿದಾಗ ಉಳಿದ ಷೇರುದಾರರಿಗೆ ಸಿಕ್ಕಷ್ಟೇ ನಮಗೂ ಷೇರಿನ ಲೆಕ್ಕದಲ್ಲಿ ಸಿಗಬೇಕು. ಮೂರು, ಕಂಪನಿ ಮುಚ್ಚಿದರೆ ಸಾಲಿನ ಕೊನೆಯಲ್ಲಿ ಒಂದು ಜಾಗ. ಸಿಬ್ಬಂದಿಯ ಬಾಕಿ, ತೆರಿಗೆ, ಬ್ಯಾಂಕಿನ ಸಾಲ, ಸರಕು ಕೊಟ್ಟವರ ಹಣ ಎಲ್ಲ ತೀರಿಸಿದ ಮೇಲೆ ಏನಾದರೂ ಉಳಿದರೆ ಅದು ಷೇರುದಾರರದು. ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಇದರ ಬದಲಿಗೆ ಒಂದು ರಕ್ಷಣೆ ಇದೆ. ಕಂಪನಿ ಎಷ್ಟೇ ಸಾಲ ಮಾಡಿ ಮುಳುಗಿದರೂ, ಷೇರಿಗೆ ಕೊಟ್ಟ ಹಣ ಹೋಗಬಹುದೇ ಹೊರತು ಸಾಲ ಕೊಟ್ಟವರು ಇವರ ಮನೆ ಬಾಗಿಲಿಗೆ ಬರುವಂತಿಲ್ಲ.

ತಮ್ಮ ತಲೆಯಾಡಿಸಿದ. ಆದರೆ ಮನಸ್ಸಿಗೆ ಒಪ್ಪಿಗೆಯಾಗಿರಲಿಲ್ಲ. ಮುಂದೆ ಆಗಿದ್ದಕ್ಕೆಲ್ಲ ಮೂಲ ಇಲ್ಲೇ ಇದೆ ಅಂತ ನನಗೆ ಆಮೇಲೆ ಅನ್ನಿಸಿತು.

60ರ ಡಿವಿಡೆಂಡ್

ಐದು ತಿಂಗಳ ನಂತರ ಕಂಪನಿ ಎರಡು ಜಾಗದಲ್ಲಿ ಒಂದನ್ನು ನಿಜವಾಗಿಯೂ ಮಾರಿತು. ತೆರಿಗೆ, ಖರ್ಚು ಕಳೆದು 40 ಕೋಟಿ ಕೈಗೆ ಬಂತು. ಅಷ್ಟನ್ನೂ ವಿಶೇಷ ಡಿವಿಡೆಂಡ್ ಆಗಿ ಹಂಚುತ್ತೇವೆ ಅಂತ ಬೋರ್ಡು ಹೇಳಿತು. ಒಂದು ಷೇರಿಗೆ 40. ಪ್ರತಿ ವರ್ಷದ 20 ಬೇರೆ. ಒಟ್ಟು 60. ಆಗ ಷೇರಿನ ಬೆಲೆ 500ರ ಆಸುಪಾಸಿನಲ್ಲಿತ್ತು.

ತಮ್ಮನಿಗೆ ತನ್ನ ಕಾಗದವೇ ಕೆಲಸ ಮಾಡಿತು ಅನ್ನಿಸಿತು. ಆ ಖುಷಿಯಲ್ಲಿ ಒಂದು ಯೋಜನೆ ಹಾಕಿದ. ಮಗಳ ಓದಿಗೆ ಅಂತ ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿ ಮುರಿದು ಇನ್ನೂ 3,000 ಷೇರು ಕೊಳ್ಳುವುದು. ಡಿವಿಡೆಂಡ್ ಬರುವವರೆಗೆ ಇಟ್ಟುಕೊಳ್ಳುವುದು. ಆಮೇಲೆ ಮಾರಿ ಠೇವಣಿಗೆ ವಾಪಸ್ ಹಾಕುವುದು. ಒಂದು ತಿಂಗಳಲ್ಲಿ ನೂರಕ್ಕೆ ಹನ್ನೆರಡು ಸಿಕ್ಕಿಬಿಡುತ್ತದೆ, ಬ್ಯಾಂಕಿನಲ್ಲಿ ವರ್ಷಕ್ಕೂ ಅಷ್ಟು ಬರಲ್ಲ ಅನ್ನುವುದು ಅವನ ಲೆಕ್ಕ.

ಅಕ್ಕ ಫೋನ್ ಮಾಡಿ ನನ್ನ ಅಭಿಪ್ರಾಯ ಕೇಳಿದಳು. ಬೇಡ ಅಂದೆ. ಕಾರಣವನ್ನೂ ಹೇಳಿದೆ. ಆದರೆ ಫೋನಿನಲ್ಲಿ, ಅವಸರದಲ್ಲಿ, ಅದೂ ಅವಳಿಗೆ ಹೇಳಿದೆ, ಅವನಿಗಲ್ಲ. ಅವನನ್ನು ಕೂರಿಸಿಕೊಂಡು ಕಾಗದದ ಮೇಲೆ ಬರೆದು ತೋರಿಸಬೇಕಿತ್ತು. ಅದು ನನ್ನ ತಪ್ಪು.

ಕಾರಣ ಇಷ್ಟೇ. ಕಂಪನಿಯ ಖಾತೆಯಲ್ಲಿ ಹಂಚಲು ಇಟ್ಟ 60 ಕೋಟಿ ಇದೆ. ಆ ಹಣ ಇರುವುದು ಎಲ್ಲರಿಗೂ ಗೊತ್ತು, ಷೇರಿನ ಬೆಲೆಯಲ್ಲಿ ಆಗಲೇ ಸೇರಿದೆ. ಹಂಚಿದ ಮಾರನೇ ದಿನ ಕಂಪನಿಯ ಹತ್ತಿರ 60 ಕೋಟಿ ಕಡಿಮೆ ಇರುತ್ತದೆ. ಒಂದು ಷೇರಿನ ಹಿಂದೆ 60 ಕಡಿಮೆ. ಹಿಂದಿನ ದಿನ 520 ಕೊಟ್ಟು ಕೊಳ್ಳುತ್ತಿದ್ದವನು ಡಿವಿಡೆಂಡ್ ಸಿಗದ ಷೇರಿಗೆ ಯಾಕೆ 520 ಕೊಡುತ್ತಾನೆ? 460ರ ಹತ್ತಿರ ಕೊಡುತ್ತಾನೆ. ಡಿವಿಡೆಂಡ್ ಎಲ್ಲಿಂದಲೋ ಹೊಸದಾಗಿ ಬಂದು ಸೇರುವ ಹಣ ಅಲ್ಲ. ಷೇರಿನ ಒಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೇ.

ಮಂಗಳವಾರ ಮತ್ತು ಬುಧವಾರ

ಡಿವಿಡೆಂಡ್ ಯಾರಿಗೆ ಸಿಗುತ್ತದೆ ಅಂತ ತೀರ್ಮಾನಿಸಲು ಕಂಪನಿ ಒಂದು ದಿನ ಗೊತ್ತು ಮಾಡುತ್ತದೆ. ಅದಕ್ಕೆ ರೆಕಾರ್ಡ್ ಡೇಟ್ ಅಂತಾರೆ. ಆ ದಿನ ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಡಿವಿಡೆಂಡ್. ಇಲ್ಲಿ ರೆಕಾರ್ಡ್ ಡೇಟ್ ಒಂದು ಬುಧವಾರ.

ಆದರೆ ಇವತ್ತು ಕೊಂಡ ಷೇರು ಇವತ್ತೇ ಹೆಸರಿಗೆ ಬರುವುದಿಲ್ಲ. ಇವರ ಮಾರುಕಟ್ಟೆಯಲ್ಲಿ ವ್ಯವಹಾರ ಮುಗಿಯಲು ಒಂದು ಕೆಲಸದ ದಿನ ಬೇಕು. ಬುಧವಾರ ಪಟ್ಟಿಯಲ್ಲಿ ಇರಬೇಕಾದರೆ ಮಂಗಳವಾರವೇ ಕೊಂಡಿರಬೇಕು. ಬುಧವಾರ ಕೊಂಡವನ ಹೆಸರು ಪಟ್ಟಿಗೆ ಬರುವುದು ಗುರುವಾರ. ಹಾಗಾಗಿ ಬುಧವಾರ ಬೆಳಿಗ್ಗೆಯಿಂದಲೇ ಷೇರು ಡಿವಿಡೆಂಡ್ ಇಲ್ಲದೆ ವ್ಯಾಪಾರವಾಗುತ್ತದೆ. ಆ ದಿನಕ್ಕೆ ಎಕ್ಸ್-ಡೇಟ್ ಅಂತ ಹೆಸರು. ಎರಡು ದಿನ ಹಿಡಿಯುವ ಮಾರುಕಟ್ಟೆಯಲ್ಲಿ ಎಕ್ಸ್-ಡೇಟ್ ರೆಕಾರ್ಡ್ ಡೇಟ್‌ಗಿಂತ ಒಂದು ದಿನ ಮೊದಲೇ ಬರುತ್ತದೆ. ಕೊಳ್ಳುವವರು ನೋಡಬೇಕಾದ್ದು ಎಕ್ಸ್-ಡೇಟ್ ಅನ್ನು. ತಮ್ಮ ನೋಡಿದ್ದು ರೆಕಾರ್ಡ್ ಡೇಟ್ ಅನ್ನು.

ಠೇವಣಿಯ ಹಣ ಎರಡು ಕಂತಿನಲ್ಲಿ ಅವನ ಖಾತೆಗೆ ಬಂತು. ಮೊದಲ ಕಂತಿನಲ್ಲಿ ಮಂಗಳವಾರ ಮಧ್ಯಾಹ್ನ 2,000 ಷೇರು ಕೊಂಡ. ಬೆಲೆ 520. ಎರಡನೇ ಕಂತು ಬುಧವಾರ ಬೆಳಿಗ್ಗೆ ಬಂತು. ಮಾರುಕಟ್ಟೆ ತೆರೆದ ಕೂಡಲೇ ನೋಡಿದರೆ ಬೆಲೆ 462! ಅಗ್ಗಕ್ಕೆ ಸಿಗ್ತಿದೆ, ಇವತ್ತೂ ರೆಕಾರ್ಡ್ ಡೇಟ್ ಇದೆ ಅಂದುಕೊಂಡು ಉಳಿದ 1,000 ಷೇರನ್ನು ಆ ಬೆಲೆಗೆ ಕೊಂಡ. ಅಕ್ಕನಿಗೆ ಫೋನ್ ಮಾಡಿ, "ಅಕ್ಕ, ಯಾರೋ ಗಾಬರಿಯಾಗಿ ಮಾರ್ತಿದ್ದಾರೆ, ನಾನು ಎತ್ಕೊಂಡೆ" ಅಂತ ಹೇಳಿದ.

ಮೂರು ವಾರದ ನಂತರ ಡಿವಿಡೆಂಡ್ ಖಾತೆಗೆ ಬಂತು. ಅವನು 4,000 ಷೇರಿಗೆ ಲೆಕ್ಕ ಹಾಕಿದ್ದ. ಬಂದದ್ದು 3,000ಕ್ಕೆ: ಅಪ್ಪನ 1,000, ಮಂಗಳವಾರದ 2,000. ಒಟ್ಟು 1,80,000. ಅವನ ಆದಾಯಕ್ಕೆ ತಗಲುವ ತೆರಿಗೆ ನೂರಕ್ಕೆ 20. ಅದು 36,000 ಹೋಗಿ ಕೈಗೆ ಸಿಕ್ಕಿದ್ದು 1,44,000. ಬುಧವಾರ ಕೊಂಡ ಸಾವಿರಕ್ಕೆ ಬಿಡಿಗಾಸೂ ಬರಲಿಲ್ಲ. ಬೆಲೆಯೂ 520ಕ್ಕೆ ವಾಪಸ್ ಹೋಗಿರಲಿಲ್ಲ. 460ರ ಆಚೆ ಈಚೆ ಆಡುತ್ತಿತ್ತು.

ಬ್ರೋಕರ್ ಜೊತೆ ಜಗಳ ಮಾಡಿಕೊಂಡು ನನ್ನ ಹತ್ತಿರ ಬಂದ. ಬುಧವಾರದ ಸಾವಿರ ಷೇರಿನಲ್ಲಿ ಮೋಸ ಹೋದೆ ಅನ್ನುವುದು ಅವನ ದೂರು.

ಅಕ್ಕನ ಪುಸ್ತಕ

ಇಲ್ಲಿ ತಿರುವು ಕೊಟ್ಟಿದ್ದು ನಾನಲ್ಲ, ಅಕ್ಕ. ಅವಳ ಹತ್ತಿರ ಒಂದು ಗೆರೆ ಎಳೆದ ನೋಟ್‌ಬುಕ್ ಇತ್ತು. ಅಪ್ಪನೂ ಅದರಲ್ಲೇ ಡಿವಿಡೆಂಡ್ ಬರೆದಿಡುತ್ತಿದ್ದರಂತೆ. ಮಂಗಳವಾರ ಸಂಜೆ ತನ್ನ ಸಾವಿರ ಷೇರಿನ ಬೆಲೆ ಬರೆದಿದ್ದಳು: 5,20,000. ಬುಧವಾರ ಬೆಳಿಗ್ಗೆ: 4,62,000. ಅದರ ಕೆಳಗೆ ತೆರಿಗೆ ಕಳೆದು ಕೈಗೆ ಬಂದ ಡಿವಿಡೆಂಡ್: 48,000. ಕೂಡಿಸಿದರೆ 5,10,000.

"ನಾನು ಏನೂ ಕೊಳ್ಳಲಿಲ್ಲ, ಏನೂ ಮಾರಲಿಲ್ಲ. ಅಷ್ಟು ದೊಡ್ಡ ಡಿವಿಡೆಂಡ್ ಬಂತು. ಆದರೂ ಹತ್ತು ಸಾವಿರ ಕಡಿಮೆ ಆಯ್ತು. ಎಲ್ಲಿ ಹೋಯ್ತು?"

12,000 ತೆರಿಗೆಗೆ ಹೋಗಿತ್ತು. ಬೆಲೆ 460ಕ್ಕೆ ಇಳಿಯಬೇಕಾದ ಕಡೆ 462ಕ್ಕೆ ನಿಂತಿದ್ದರಿಂದ 2,000 ಉಳಿದಿತ್ತು. ಅಷ್ಟೇ. ಇಳಿಕೆ ಪ್ರತಿ ಸಲ ಡಿವಿಡೆಂಡಿಗೆ ಸರಿಸಮ ಇರುವುದಿಲ್ಲ. ಅದೇ ದಿನ ಬೇರೆ ಸುದ್ದಿಯೂ ಬೆಲೆಯನ್ನು ಎಳೆದಾಡುತ್ತದೆ. ಡಿವಿಡೆಂಡ್ ಚಿಕ್ಕದಿದ್ದರೆ ದಿನದ ಏರಿಳಿತದಲ್ಲಿ ಇಳಿಕೆ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ 60ರಷ್ಟು ದೊಡ್ಡದಾದ್ದರಿಂದ ಎದ್ದು ಕಂಡಿತು.

ಆ ಪುಟವನ್ನು ತಮ್ಮನ ಮುಂದೆ ಇಟ್ಟು, ಅವನ ಎರಡು ಖರೀದಿಯನ್ನು ಒಂದು ಷೇರಿನ ಲೆಕ್ಕದಲ್ಲಿ ಬರೆದೆ. ಮಂಗಳವಾರದ ಷೇರಿಗೆ ಕೊಟ್ಟದ್ದು 520. ಮಾರನೇ ದಿನ ಅದರ ಬೆಲೆ 462, ಕೈಗೆ ಬಂದ ಡಿವಿಡೆಂಡ್ 48. ಒಟ್ಟು 510. ಒಂದಕ್ಕೆ 10 ನಷ್ಟ. ಬುಧವಾರದ ಷೇರಿಗೆ ಕೊಟ್ಟದ್ದು 462, ಬೆಲೆ 462. ನಷ್ಟ ಸೊನ್ನೆ.

ತುಂಬಾ ಹೊತ್ತು ಆ ಎರಡು ಸಾಲನ್ನೇ ನೋಡುತ್ತಾ ಕೂತ. ಮೋಸ ಹೋದೆ ಅಂತ ಜಗಳಕ್ಕೆ ಹೋಗಿದ್ದ ಷೇರಿನಲ್ಲಿ ಅವನಿಗೆ ಏನೂ ಕಳೆದಿರಲಿಲ್ಲ. ಡಿವಿಡೆಂಡ್ ಬಂದು ಸಂಭ್ರಮಪಟ್ಟ ಷೇರಿನಲ್ಲೇ 20,000 ಕಳೆದಿತ್ತು.

ತೆರಿಗೆಯ ವಿಷಯದಲ್ಲಿ ಒಂದು ಮಾತು. ಎಲ್ಲ ಕಡೆಯೂ ಡಿವಿಡೆಂಡಿಗೆ ಇದೇ ಥರ ತೆರಿಗೆ ಇರುವುದಿಲ್ಲ. ಷೇರು ಮಾರಿದ ನಷ್ಟವನ್ನು ತೆರಿಗೆಯಲ್ಲಿ ತೋರಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಕೆಲವು ದೇಶಗಳಲ್ಲಿ, ಡಿವಿಡೆಂಡಿಗಾಗಿಯೇ ಕೊಂಡು ಕೂಡಲೇ ಮಾರಿದ ಷೇರಿನ ನಷ್ಟವನ್ನು ಒಪ್ಪದ ನಿಯಮಗಳೇ ಇವೆ. ಈ ಉಪಾಯ ಹೊಳೆದವರಲ್ಲಿ ತಮ್ಮ ಮೊದಲನೆಯವನೇನಲ್ಲ.

ಮಾರದೆ ಉಳಿದದ್ದು

ಅವತ್ತೇ ಮಾರು ಅಂತ ಅಕ್ಕ ಹೇಳಿದಳು. ನಾನೂ ಅದನ್ನೇ ಹೇಳಿದೆ. ಮಗಳ ಓದಿನ ಹಣ ಅದು, ಹತ್ತು ತಿಂಗಳಲ್ಲಿ ಬೇಕಾಗುವ ಹಣ. ಅವನು ಒಪ್ಪಲಿಲ್ಲ. ಮೊದಲು, 520ಕ್ಕೆ ವಾಪಸ್ ಬರಲಿ, ಆಮೇಲೆ ಮಾರ್ತೀನಿ ಅಂದ. 520ರಲ್ಲಿ 60 ಅವನ ಜೇಬಿಗೇ ಬಂದಾಗಿದೆ, ವಾಪಸ್ ಬರಬೇಕಾದ್ದು ಏನೂ ಉಳಿದಿಲ್ಲ ಅಂತ ಎಷ್ಟು ಹೇಳಿದರೂ ಆ ಸಂಖ್ಯೆ ಅವನ ತಲೆಯಿಂದ ಹೋಗಲಿಲ್ಲ.

ಎರಡನೇ ಕಾರಣ ಇನ್ನೂ ಅಪಾಯದ್ದು. ಷೇರಿನ ವಿವರ ತೋರಿಸುವ ಪರದೆಯಲ್ಲಿ ಡಿವಿಡೆಂಡ್ ಯೀಲ್ಡ್ ಅನ್ನುವ ಜಾಗದಲ್ಲಿ 13 ಪರ್ಸೆಂಟ್ ಅಂತ ಬರುತ್ತಿತ್ತು. ಯೀಲ್ಡ್ ಅಂದರೆ ಡಿವಿಡೆಂಡನ್ನು ಬೆಲೆಯಿಂದ ಭಾಗಿಸಿದ್ದು. 60ನ್ನು 462ರಿಂದ ಭಾಗಿಸಿದರೆ ಹೆಚ್ಚುಕಡಿಮೆ 13 ಬರುತ್ತದೆ. ಪರದೆ ಸುಳ್ಳು ಹೇಳುತ್ತಿರಲಿಲ್ಲ. ಹೋದ ಹನ್ನೆರಡು ತಿಂಗಳಲ್ಲಿ ಏನು ಕೊಟ್ಟರೋ ಅದನ್ನು ತೋರಿಸುತ್ತಿತ್ತು. ಆದರೆ ಆ 60ರಲ್ಲಿ 40 ಜಾಗ ಮಾರಿದ ಹಣ. ಒಂದೇ ಜಾಗವನ್ನು ಎರಡು ಸಲ ಮಾರಲು ಆಗುತ್ತದೆಯೇ? ವರ್ಷ ವರ್ಷ ಬರುವ 20ನ್ನು ಮಾತ್ರ ಹಿಡಿದರೆ ಯೀಲ್ಡ್ 4.3 ಪರ್ಸೆಂಟ್. ಆ 20 ಆದರೂ ಗಟ್ಟಿಯಾ ಅನ್ನುವುದು ಇನ್ನೊಂದು ಪ್ರಶ್ನೆ. ಅದನ್ನು ಆಗ ನಾವ್ಯಾರೂ ಕೇಳಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಎಂಟು ತಿಂಗಳ ನಂತರ ಉತ್ತರ ತಾನಾಗಿಯೇ ಬಂತು. ವರ್ಷದ ಫಲಿತಾಂಶ ಹೊರಬಿತ್ತು. ಹಿಂದಿನ ವರ್ಷ ಒಂದು ಷೇರಿಗೆ 24 ಇದ್ದ ಲಾಭ 14ಕ್ಕೆ ಇಳಿದಿತ್ತು. ಗಾಜು ಕರಗಿಸುವ ಹಳೆಯ ಕುಲುಮೆಯನ್ನು ಬದಲಾಯಿಸಬೇಕು, ಈ ವರ್ಷ ಡಿವಿಡೆಂಡ್ 8 ಸಾಕು ಅಂತ ಬೋರ್ಡು ಶಿಫಾರಸು ಮಾಡಿತು. ಷೇರಿನ ಬೆಲೆ ಕೆಲವೇ ದಿನಗಳಲ್ಲಿ 400ಕ್ಕೆ ಬಂತು.

ತಮ್ಮ ಕೆಂಡವಾಗಿದ್ದ. ಲಾಭ 14 ಇದೆಯಲ್ಲ, 8 ಯಾಕೆ ಕೊಡ್ತಾರೆ, ಮಾಲೀಕರನ್ನು ಕೇಳದೆ ಕಡಿಮೆ ಮಾಡಲು ಇವರು ಯಾರು ಅನ್ನುವುದು ಅವನ ಕೋಪ. ಬ್ಯಾಂಕಿನ ಬಡ್ಡಿ ಥರ ಡಿವಿಡೆಂಡ್ ಕೂಡ ಕಂಪನಿ ತನಗೆ ಕೊಡಲೇಬೇಕಾದ ಹಣ ಅಂತ ಅವನು ನಂಬಿದ್ದ.

ಕಂಪನಿ ಬ್ಯಾಂಕಿಗೆ ಕಟ್ಟುವ ಬಡ್ಡಿ ಕೊಡಲೇಬೇಕಾದ ಬಾಕಿ. ಕೊಡದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗಬಹುದು. ಡಿವಿಡೆಂಡ್ ಘೋಷಣೆ ಆಗುವವರೆಗೆ ಯಾರಿಗೂ ಬಾಕಿ ಅಲ್ಲ. ಕಂಪನಿ ಎಷ್ಟೇ ಲಾಭ ಮಾಡಿದ್ದರೂ ಅಲ್ಲ. ಬೋರ್ಡು ಶಿಫಾರಸು ಮಾಡಿ, ಷೇರುದಾರರ ಸಭೆ ಒಪ್ಪಿದ ಮೇಲೆ ಅದು ಕಂಪನಿಯ ಸಾಲವಾಗುತ್ತದೆ. ಆಗ ಕೊಡದಿದ್ದರೆ ಷೇರುದಾರನೂ ಕೋರ್ಟಿಗೆ ಹೋಗಬಹುದು. ಡಿವಿಡೆಂಡನ್ನು ಬೋರ್ಡೇ ಪೂರ್ತಿ ತೀರ್ಮಾನಿಸುವ ದೇಶಗಳೂ ಇವೆ. ಸಭೆಯ ಒಪ್ಪಿಗೆ ಬೇಕಾದ ಕಡೆಯೂ ಷೇರುದಾರರು ಸಾಮಾನ್ಯವಾಗಿ ಬೋರ್ಡು ಹೇಳಿದ್ದಕ್ಕೆ ಒಪ್ಪಬಹುದು, ಇಲ್ಲವೇ ಕಡಿಮೆ ಮಾಡಬಹುದು. ಹೆಚ್ಚು ಮಾಡುವಂತಿಲ್ಲ.

ಷೇರುದಾರರ ಈ ಅಸಹನೆಗೆ ನಾನೂರು ವರ್ಷ ವಯಸ್ಸಾಗಿದೆ. 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಹಣ ಹಾಕಿದವರು ಮೊದಲ ಡಿವಿಡೆಂಡ್ ನೋಡಿದ್ದು 1610ರಲ್ಲಿ. ಅದನ್ನೂ ಕಂಪನಿ ಪೂರ್ತಿ ಹಣದಲ್ಲಿ ಕೊಡಲಿಲ್ಲ. ಜಾಪತ್ರೆ, ಮೆಣಸಿನ ರೂಪದಲ್ಲಿ ಕೊಟ್ಟಿತು. ಹಣ ವಾಪಸ್ ಬೇಕು ಅಂದವರಿಗೆ ಕಂಪನಿ ಕೊಡುತ್ತಿರಲಿಲ್ಲ. ಷೇರನ್ನು ಇನ್ನೊಬ್ಬರಿಗೆ ಮಾರಿಕೊಂಡು ಹೊರಗೆ ಹೋಗಬೇಕಿತ್ತು. ಇವತ್ತಿಗೂ ದಾರಿ ಅದೇ.

ಸಭೆ

ವಾರ್ಷಿಕ ಸಭೆಗೆ ಹೋಗಬೇಕು ಅಂತ ಅಕ್ಕನೇ ತೀರ್ಮಾನಿಸಿದಳು. ಹೋಗುವ ಮುಂಚೆ ಎರಡು ಸಂಜೆ ನನ್ನ ಜೊತೆ ಕೂತು ವಾರ್ಷಿಕ ವರದಿ ನೋಡಿದಳು. ಲಾಭದ ಪುಟ ಬಿಟ್ಟು ನೇರವಾಗಿ, ನಗದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ತೋರಿಸುವ ಕ್ಯಾಶ್ ಫ್ಲೋ ಪುಟಕ್ಕೆ ಹೋದೆವು. ಲಾಭ ಅನ್ನುವುದು ಲೆಕ್ಕದ ಅಂಕಿ. ಸರಕು ಸಾಲಕ್ಕೆ ಕೊಟ್ಟಿದ್ದರೂ ಮಾರಾಟ ಅಂತ ಸೇರಿರುತ್ತದೆ. ಹೊಸ ಯಂತ್ರಕ್ಕೆ ಈ ವರ್ಷ ಕೊಟ್ಟ ಪೂರ್ತಿ ಹಣ ಈ ವರ್ಷದ ಲಾಭದಲ್ಲಿ ಕಳೆದಿರುವುದಿಲ್ಲ. ಡಿವಿಡೆಂಡ್ ಕೊಡುವುದು ಮಾತ್ರ ನಿಜವಾದ ನಗದಿನಲ್ಲಿ.

ಹಿಂದಿನ ವರ್ಷ ವಿಶೇಷ ಡಿವಿಡೆಂಡ್ ಬಿಟ್ಟು ನೋಡಿದರೆ, ಒಂದು ಷೇರಿನ ಲೆಕ್ಕದಲ್ಲಿ ವ್ಯಾಪಾರದಿಂದ ಬಂದ ನಗದು 22. ಯಂತ್ರ, ರಿಪೇರಿಗೆ ಹಾಕಿದ್ದು 12. ಉಳಿದದ್ದು 10. ಕೊಟ್ಟ ಡಿವಿಡೆಂಡ್ 20. ಕೊರತೆಯ 10 ಎಲ್ಲಿಂದ ಬಂತು? ಅದೇ ಪುಟದ ಕೆಳಗೆ ಇತ್ತು: ಬ್ಯಾಂಕ್ ಸಾಲ ಅಷ್ಟೇ ಜಾಸ್ತಿ ಆಗಿತ್ತು. ಅದರ ಹಿಂದಿನ ವರ್ಷವೂ ಇದೇ ಕಥೆ.

ಅಕ್ಕ ಪೆನ್ನು ಕೆಳಗಿಟ್ಟಳು. "ಅಂದರೆ ನಮ್ಮ ಕಂಪನಿ ಸಾಲ ಮಾಡಿ ನಮಗೆ ಡಿವಿಡೆಂಡ್ ಕೊಡ್ತಿತ್ತು. ಆ ಸಾಲಕ್ಕೆ ಬಡ್ಡಿ ಕಟ್ಟೋದೂ ನಮ್ಮ ಲಾಭದಿಂದಲೇ."

ಸಭೆಯಲ್ಲಿ ಮೊದಲು ಮಾತಾಡಿದ್ದು ತಮ್ಮ. 8ರ ಬದಲು 20 ಕೊಡಬೇಕು ಅಂತ ಕೇಳಿದ. ಬೋರ್ಡು ಶಿಫಾರಸು ಮಾಡಿದ್ದಕ್ಕಿಂತ ಹೆಚ್ಚಿಗೆ ಸಭೆ ಮಂಜೂರು ಮಾಡುವಂತಿಲ್ಲ ಅಂತ ಅಧ್ಯಕ್ಷರು ಹೇಳಿದರು. ಅವನು ಕೂತ. ಆಮೇಲೆ ಅಕ್ಕ ಎದ್ದಳು. ಹಿಂದಿನ ಎರಡು ವರ್ಷ ಉಳಿದ ನಗದಿಗಿಂತ ಜಾಸ್ತಿ ಡಿವಿಡೆಂಡ್ ಕೊಟ್ಟದ್ದು ಯಾಕೆ, ಕುಲುಮೆ ಹಳೆಯದಾಗಿದೆ ಅಂತ ಆಗ ಗೊತ್ತಿರಲಿಲ್ಲವಾ ಅಂತ ಕೇಳಿದಳು. ಹಣಕಾಸು ಮುಖ್ಯಸ್ಥರು ಸ್ವಲ್ಪ ಹೊತ್ತು ಕಾಗದ ತಿರುವಿದರು. ಡಿವಿಡೆಂಡ್ ಇಳಿಸಿದರೆ ಷೇರುದಾರರಿಗೆ ಕೆಟ್ಟ ಸಂದೇಶ ಹೋಗುತ್ತದೆ ಅಂತ ಬೋರ್ಡು ತಡೆದಿತ್ತು, ಇನ್ನು ತಡೆಯಲು ಆಗಲಿಲ್ಲ ಅಂತ ಒಪ್ಪಿಕೊಂಡರು. ಹೊಸ ಕುಲುಮೆಯಲ್ಲಿ ಇಂಧನ ಎಷ್ಟು ಉಳಿಯುತ್ತದೆ, ಸಾಲ ಯಾವಾಗ ಇಳಿಯುತ್ತದೆ ಅಂತಲೂ ವಿವರಿಸಿದರು.

ವೋಟಿನಲ್ಲಿ 8 ಮಂಜೂರಾಯಿತು. ಸ್ಥಾಪಕರ ಕುಟುಂಬದ ಹತ್ತಿರವೇ 58 ಪರ್ಸೆಂಟ್ ಷೇರು ಇರುವುದರಿಂದ ಅದು ಮೊದಲೇ ತೀರ್ಮಾನವಾಗಿದ್ದ ಮಾತು. ಸಣ್ಣ ಷೇರುದಾರನ ವೋಟಿಗೆ ಇರುವ ಮಿತಿ ಇದು. ಆದರೆ ಆ ಉತ್ತರ ಸಭೆಯ ದಾಖಲೆಯಲ್ಲಿ ಸೇರಿತು. ಕೇಳಿದ್ದು ಸಾವಿರ ಷೇರಿನ ಒಬ್ಬ ಹೆಣ್ಣುಮಗಳು. ಅದು ಸಣ್ಣ ವಿಷಯ ಅಂತ ನಾನು ಅಂದುಕೊಳ್ಳುವುದಿಲ್ಲ.

ಕೊನೆಗೆ ಉಳಿದ ಲೆಕ್ಕ

8ರ ಡಿವಿಡೆಂಡಿನ ಎಕ್ಸ್-ಡೇಟ್ ಇನ್ನೂ ಮೂರು ವಾರ ಇತ್ತು. ಅಷ್ಟರೊಳಗೆ ಮಗಳ ಶುಲ್ಕ ಕಟ್ಟುವ ದಿನ ಬಂತು. ತಮ್ಮ ಆ 3,000 ಷೇರನ್ನು 400ರಂತೆ ಮಾರಿದ. ಬಂದದ್ದು 12,00,000. ಹಾಕಿದ್ದು 15,02,000. ಮಂಗಳವಾರದ ಷೇರಿನಿಂದ ತೆರಿಗೆ ಕಳೆದು ಸಿಕ್ಕಿದ ಡಿವಿಡೆಂಡ್ 96,000. ಒಟ್ಟು ನಷ್ಟ 2,06,000. ಬ್ರೋಕರ್ ಶುಲ್ಕ, ಠೇವಣಿ ಮುರಿದದ್ದಕ್ಕೆ ಕಳೆದುಕೊಂಡ ಬಡ್ಡಿ ಬೇರೆ. ಶುಲ್ಕಕ್ಕೆ ಕಮ್ಮಿ ಬಿದ್ದದ್ದನ್ನು ಅಕ್ಕ ಕೊಟ್ಟಳು.

ಈ ನಷ್ಟವನ್ನು ಒಂದೇ ಗಂಟಾಗಿ ನೋಡಿದರೆ ಏನು ತಪ್ಪಾಯಿತು ಅಂತ ತಿಳಿಯುವುದಿಲ್ಲ. ಬಿಡಿಸಿ ನೋಡಬೇಕು. ಡಿವಿಡೆಂಡ್ ಹಿಡಿಯಲು ಹೋಗಿ ಕಳೆದದ್ದು 20,000 ಮಾತ್ರ. ಅದು ಮೊದಲ ದಿನವೇ ಆಗಿಹೋಗಿತ್ತು. ಉಳಿದ 1,86,000, ಬೆಲೆ 462ರಿಂದ 400ಕ್ಕೆ ಬಿದ್ದದ್ದರಿಂದ ಆದದ್ದು. ಅದಕ್ಕೂ ಡಿವಿಡೆಂಡ್ ಉಪಾಯಕ್ಕೂ ನೇರ ಸಂಬಂಧವಿಲ್ಲ. ವ್ಯಾಪಾರ ಇಳಿಯಿತು, ಬೆಲೆ ಇಳಿಯಿತು. ಷೇರು ಕೈಯಲ್ಲಿದ್ದವರಿಗೆಲ್ಲ ತಗಲಿದ ಪೆಟ್ಟು ಅದು, ಅಕ್ಕನಿಗೂ ತಗಲಿತು. ಆದರೆ ಆ ಎಂಟು ತಿಂಗಳು ಅವನು ಷೇರು ಇಟ್ಟುಕೊಂಡದ್ದು ಯಾಕೆ? 520ಕ್ಕೆ ವಾಪಸ್ ಬರುತ್ತದೆ ಅನ್ನುವ ನಂಬಿಕೆ, 13 ಪರ್ಸೆಂಟ್ ಯೀಲ್ಡ್ ಅನ್ನುವ ಅಂಕಿ. ಎರಡೂ ಡಿವಿಡೆಂಡನ್ನು ತಪ್ಪಾಗಿ ತಿಳಿದದ್ದರಿಂದ ಬಂದವು. ಹಾಗಾಗಿ ಈ ಪ್ರಕರಣದಲ್ಲಿ ದುಬಾರಿಯಾದ ತೀರ್ಮಾನ ಕೊಂಡದ್ದಲ್ಲ, ಲೆಕ್ಕ ಕಂಡ ಮೇಲೂ ಮಾರದೆ ಕೂತದ್ದು ಅನ್ನುವುದು ನನ್ನ ಅಭಿಪ್ರಾಯ.

ಅಪ್ಪನ ಷೇರುಗಳನ್ನು ಇಬ್ಬರೂ ಇನ್ನೂ ಇಟ್ಟುಕೊಂಡಿದ್ದಾರೆ. ಮುಂದಿನ ವರ್ಷ ಡಿವಿಡೆಂಡ್ 9 ಬಂತು. ಅಕ್ಕನ ಪುಸ್ತಕದಲ್ಲಿ ಈಗ ಗೆರೆಗಳು ಜಾಸ್ತಿ ಆಗಿವೆ: ಎಕ್ಸ್-ಡೇಟ್ ಹಿಂದಿನ ಸಂಜೆಯ ಬೆಲೆ, ಆ ದಿನ ಬೆಳಿಗ್ಗೆಯ ಬೆಲೆ, ಕೈಗೆ ಬಂದ ಡಿವಿಡೆಂಡ್. ಪಕ್ಕದ ಕಾಲಂನಲ್ಲಿ ಯಂತ್ರದ ಖರ್ಚು ಕಳೆದು ಒಂದು ಷೇರಿಗೆ ಉಳಿದ ನಗದು. ಆ ವರ್ಷ ಅದು 17 ಇತ್ತು. 9 ಹೊರಗೆ ಬಂತು, ಉಳಿದ 8ರಲ್ಲಿ ಕಂಪನಿ ಸಾಲ ತೀರಿಸಿತು. ಆ 8 ತಮ್ಮನ ಕೈಗೆ ಬರಲಿಲ್ಲ. ಅದು ಎಲ್ಲಿ ಹೋಯಿತು ಅಂತ ಈ ಸಲ ಅವನು ಕಂಪನಿಗೆ ಕಾಗದ ಬರೆಯಲಿಲ್ಲ. ಅಕ್ಕನ ಪುಸ್ತಕ ಇಸಕೊಂಡು, ಸಾಲದ ಸಾಲಿನ ಮುಂದೆ ತಾನೇ ಬರೆದಿಟ್ಟ.